ಕಾಗೆಯ ರೆಕ್ಕೆಗೆ ಬಿಳಿ ಗೆರೆ ಎಲ್ಲಿಂದ ಬಂತು?

ಚಿತ್ರಕಾರ ಕಳಿಸಿದ ಕಾಗೆಯ ಚಿತ್ರವನ್ನು ಫೋಟೊಶಾಪ್‌ನಲ್ಲಿ ತೆರೆದರೆ ಎಲ್ಲವೂ ಸರಿಯಾಗಿದೆ. ಕರಿ ರೆಕ್ಕೆ, ನುಣುಪಾದ ಅಂಚು, ಸುತ್ತಲೂ ಪಾರದರ್ಶಕ ಜಾಗ. ಅದೇ ಚಿತ್ರವನ್ನು ಗೇಮ್‌ನೊಳಗೆ ತಂದು ಮುಸ್ಸಂಜೆಯ ಆಕಾಶದಲ್ಲಿ ಹಾರಿಸಿದರೆ ರೆಕ್ಕೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಬಿಳಿಗೆರೆ ಕಾಣಿಸಿಕೊಳ್ಳುತ್ತದೆ. ಕಾಗೆ ನಿಧಾನವಾಗಿ ಸರಿದರಂತೂ ಆ ಗೆರೆ ಮಿಣಮಿಣ ಎನ್ನುತ್ತ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ.

ಆಮೇಲೆ ನಡೆಯುವುದು ಗೇಮ್ ಮಾಡುವವರೆಲ್ಲರಿಗೂ ಗೊತ್ತಿರುವ ಜಗಳ. ಪ್ರೋಗ್ರಾಮರ್ ‘ಚಿತ್ರ ಸರಿಯಾಗಿ ಕತ್ತರಿಸಿಲ್ಲ’ ಎನ್ನುತ್ತಾನೆ. ಚಿತ್ರಕಾರ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸಿ ‘ಎಲ್ಲಿದೆ ಬಿಳಿ, ತೋರಿಸು’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಯಾವ ಪಿಕ್ಸೆಲ್‌ನಲ್ಲೂ ಬಿಳಿ ಇಲ್ಲ. ಗೇಮ್‌ನ ಕೋಡ್ ಕೂಡ ಪುಸ್ತಕದಲ್ಲಿ ಹೇಳಿದ ಸೂತ್ರವನ್ನೇ ಪಾಲಿಸುತ್ತಿದೆ. ಬಿಳಿ ಬಂದಿರುವುದು ಯಾರೂ ನೋಡಲಾಗದ ಪಿಕ್ಸೆಲ್‌ಗಳಿಂದ.

ಅದು ಹೇಗೆಂದು ತಿಳಿಯಲು ಪಾರದರ್ಶಕತೆಯನ್ನು ಕಂಪ್ಯೂಟರ್ ಹೇಗೆ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಪರದೆಯ ಮೇಲಿನ ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿರುತ್ತವೆ, ಪ್ರತಿಯೊಂದೂ 0ಯಿಂದ 255ರವರೆಗೆ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಇದಕ್ಕೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿದರು. ಈ ಚುಕ್ಕೆಯ ಬಣ್ಣ ಹಿಂದಿನದನ್ನು ಎಷ್ಟು ಮುಚ್ಚುತ್ತದೆ ಎಂಬುದರ ಅಳತೆ ಅದು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿ ಗ್ರೀಕ್ ಅಕ್ಷರ ಆಲ್ಫಾ ಬಳಕೆಯಲ್ಲಿದ್ದುದರಿಂದ ಅದಕ್ಕೆ ಆಲ್ಫಾ ಎಂದೇ ಹೆಸರಾಯಿತು. ಆಲ್ಫಾ 1 ಎಂದರೆ ಪೂರ್ತಿ ಮುಚ್ಚುತ್ತದೆ, 0 ಎಂದರೆ ಏನೂ ಕಾಣುವುದಿಲ್ಲ, ಅರ್ಧ ಎಂದರೆ ಹಿಂದಿನದೂ ಅರ್ಧ ಕಾಣುತ್ತದೆ.

ಇಲ್ಲೊಂದು ವಿಚಿತ್ರವಿದೆ. ಆಲ್ಫಾ 0 ಇರುವ ಚುಕ್ಕೆಗೂ ಕಡತದಲ್ಲಿ ಕೆಂಪು, ಹಸಿರು, ನೀಲಿಯ ಅಂಕಿಗಳಿಗೆ ಜಾಗ ಇದ್ದೇ ಇರುತ್ತದೆ. ಅಲ್ಲಿ ಏನಾದರೂ ಬರೆಯಲೇಬೇಕು. ಹೇಗಿದ್ದರೂ ಕಾಣುವುದಿಲ್ಲವಲ್ಲ ಎಂದು ಒಂದು ಸಾಫ್ಟ್‌ವೇರ್ ಬಿಳಿ ಬರೆಯುತ್ತದೆ, ಅಂದರೆ 255, 255, 255. ಇನ್ನೊಂದು ಕಪ್ಪು ಬರೆಯುತ್ತದೆ. ಮತ್ತೊಂದು ಅಳಿಸುವ ಮುಂಚೆ ಅಲ್ಲಿದ್ದ ಬಣ್ಣವನ್ನೇ ಉಳಿಸಿಕೊಳ್ಳುತ್ತದೆ. ಗೇಮ್ ಚಿತ್ರಗಳಿಗೆ ಹೆಚ್ಚಾಗಿ ಬಳಕೆಯಾಗುವ ಪಿಎನ್‌ಜಿ ಕಡತದ ನಿಯಮವೇ ಹಾಗೆ: ಬಣ್ಣ ಬೇರೆ, ಆಲ್ಫಾ ಬೇರೆ, ಒಂದನ್ನೊಂದು ಮುಟ್ಟಬಾರದು. ನಮ್ಮ ಕಾಗೆಯ ಸುತ್ತಲಿನ ಖಾಲಿ ಜಾಗ ಹೀಗೆ ಅದೃಶ್ಯ ಬಿಳಿಯಿಂದ ತುಂಬಿಕೊಂಡಿದೆ.

ಕಾಗೆ ಒಂದೇ ಕಡೆ, ಪರದೆಯ ಚುಕ್ಕೆಗಳಿಗೆ ಚಿತ್ರದ ಚುಕ್ಕೆಗಳು ಕರಾರುವಾಕ್ಕಾಗಿ ಕೂರುವಂತೆ ನಿಂತಿದ್ದರೆ ಈ ಬಿಳಿ ಎಂದೂ ಹೊರಗೆ ಬರುವುದಿಲ್ಲ. ಆದರೆ ಗೇಮ್‌ನಲ್ಲಿ ಯಾವುದೂ ಹಾಗೆ ನಿಲ್ಲುವುದಿಲ್ಲ. ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ, ಕಾಲು ಚುಕ್ಕೆ ಅರ್ಧ ಚುಕ್ಕೆ ಸರಿಯುತ್ತದೆ. ಆಗ ಪರದೆಯ ಒಂದು ಚುಕ್ಕೆ ಚಿತ್ರದ ಎರಡು ಚುಕ್ಕೆಗಳ ನಡುವೆ ಬಂದು ಬೀಳುತ್ತದೆ. ಯಾವ ಬಣ್ಣ ಹಾಕಬೇಕು? ಗ್ರಾಫಿಕ್ಸ್ ಚಿಪ್ ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆಯುತ್ತದೆ. ಇದಕ್ಕೆ ಬೈಲೀನಿಯರ್ ಫಿಲ್ಟರಿಂಗ್ ಎನ್ನುತ್ತಾರೆ. ಎಡವಟ್ಟಾಗುವುದು ಇಲ್ಲೇ. ಚಿಪ್ ನಾಲ್ಕೂ ಅಂಕಿಗಳ ಸರಾಸರಿಯನ್ನು ಬೇರೆ ಬೇರೆಯಾಗಿ ತೆಗೆಯುತ್ತದೆ. ಆಲ್ಫಾ 0 ಇರುವ ಚುಕ್ಕೆಯ ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅದಕ್ಕೆ ಗೊತ್ತಿಲ್ಲ.

ಲೆಕ್ಕ ಹಾಕಿಯೇ ನೋಡಬಹುದು. ಕಾಗೆಯ ರೆಕ್ಕೆಯ ಕೊನೆಯ ಚುಕ್ಕೆ ಕಡುಗಪ್ಪು: ಮೂರೂ ಬಣ್ಣ 20, ಆಲ್ಫಾ 1. ಅದರ ಪಕ್ಕದ್ದು ಖಾಲಿ: ಮೂರೂ ಬಣ್ಣ 255, ಆಲ್ಫಾ 0. ಹಿಂದಿನ ಆಕಾಶದ ಕೆಂಪಿನ ಅಂಕಿ 40 ಇರಲಿ. ಹಸಿರು, ನೀಲಿಗಳಿಗೂ ಇದೇ ಲೆಕ್ಕ. ಪರದೆಯ ಚುಕ್ಕೆ ಇವೆರಡರ ನಟ್ಟನಡುವೆ ಬಿದ್ದರೆ ಚಿಪ್‌ಗೆ ಸಿಗುವ ಬಣ್ಣ 20 ಮತ್ತು 255ರ ಸರಾಸರಿ, ಅಂದರೆ 137.5. ಆಲ್ಫಾ 1 ಮತ್ತು 0ಯ ಸರಾಸರಿ, ಅಂದರೆ 0.5. ಈಗ ಬ್ಲೆಂಡಿಂಗ್, ಅಂದರೆ ಇದನ್ನು ಆಕಾಶದೊಂದಿಗೆ ಬೆರೆಸುವ ಕೆಲಸ: 137.5ರ ಅರ್ಧ, 40ರ ಅರ್ಧ, ಎರಡನ್ನೂ ಕೂಡಿದರೆ ಸುಮಾರು 89.

ಕಾಗೆಯ ಅಂಕಿ 20, ಆಕಾಶದ ಅಂಕಿ 40. ಅವೆರಡರ ನಡುವಿನ ಅಂಚು 30 ಆಗಬೇಕಿತ್ತು. ಬಂದದ್ದು 89. ಕಾಗೆಗಿಂತಲೂ ಆಕಾಶಕ್ಕಿಂತಲೂ ಬೆಳ್ಳಗಿನ ಒಂದು ಚುಕ್ಕೆ ಎರಡರ ನಡುವೆ ಹುಟ್ಟಿಕೊಂಡಿತು. ಅಂಚಿನುದ್ದಕ್ಕೂ ಹೀಗೇ ಆದಾಗ ಅದು ಬಿಳಿಗೆರೆ.

ಸಂತೆಯ ಲೆಕ್ಕದಲ್ಲಿ ಹೇಳುವುದಾದರೆ, ಒಬ್ಬನ ಬುಟ್ಟಿಯಲ್ಲಿ 10 ಕಿಲೋ ಟೊಮೆಟೊ ಇದೆ, ಕಿಲೋಗೆ 20 ರೂಪಾಯಿ. ಪಕ್ಕದವನ ಬುಟ್ಟಿ ಖಾಲಿ, ಆದರೆ ಹಲಗೆಯ ಮೇಲೆ ಕಿಲೋಗೆ 100 ಎಂದು ಬರೆದಿದೆ. ಸಂತೆಯಲ್ಲಿ ಟೊಮೆಟೊದ ಸರಾಸರಿ ಬೆಲೆ 60 ಎಂದು ಯಾರಾದರೂ ಹೇಳಿದರೆ ನಗು ಬರುತ್ತದೆ. ಇಲ್ಲದ ಮಾಲಿನ ಬೆಲೆಯನ್ನು ಲೆಕ್ಕಕ್ಕೆ ಸೇರಿಸಬಾರದು. ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಾಡುತ್ತಿರುವುದು ಇದೇ ತಪ್ಪನ್ನು.

ಇನ್ನು ಮಿಣುಕಾಟದ ಸಂಗತಿ. ಗೆರೆಯೂ ಮಿಣುಕೂ ಎರಡು ಬೇರೆ ರೋಗಗಳೆಂದು ಎಷ್ಟೋ ಜನ ಭಾವಿಸಿ ಎರಡು ಕಡೆ ಹುಡುಕುತ್ತಾರೆ. ಮೇಲಿನ ಲೆಕ್ಕವನ್ನೇ ಸ್ವಲ್ಪ ಮುಂದುವರಿಸಿದರೆ ಎರಡೂ ಒಂದೇ ಎಂಬುದು ಕಾಣುತ್ತದೆ. ಅಂಚು ಬೆಳ್ಳಗಾಗುವುದು ಪರದೆಯ ಚುಕ್ಕೆ ಎರಡು ಚುಕ್ಕೆಗಳ ನಡುವೆ ಎಲ್ಲಿ ಬೀಳುತ್ತದೆ ಎಂಬುದನ್ನು ಅವಲಂಬಿಸಿದೆ. ನೇರವಾಗಿ ಒಂದರ ಮೇಲೆ ಬಿದ್ದರೆ ಹೆಚ್ಚುವರಿ ಬಿಳಿ ಸೊನ್ನೆ. ಕಾಲು ಭಾಗ ಸರಿದಿದ್ದರೆ ಸುಮಾರು 44. ಅರ್ಧ ಸರಿದಿದ್ದರೆ 59, ಅದೇ ಗರಿಷ್ಠ. ಮುಕ್ಕಾಲು ಸರಿದರೆ ಮತ್ತೆ 44, ಪೂರ್ತಿ ಒಂದು ಚುಕ್ಕೆ ಸರಿದರೆ ಮತ್ತೆ ಸೊನ್ನೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಕಾಗೆ ಫ್ರೇಮಿಗೆ ಕಾಲು ಚುಕ್ಕೆಯಂತೆ ಸರಿಯುತ್ತಿದೆ ಎನ್ನೋಣ. ನಾಲ್ಕು ಫ್ರೇಮಿಗೊಮ್ಮೆ ಗೆರೆ ಹುಟ್ಟಿ, ಬೆಳಗಿ, ಆರುತ್ತದೆ. ಸೆಕೆಂಡಿಗೆ 15 ಸಲ. ಕಣ್ಣಿಗೆ ಅತ್ಯಂತ ಕಿರಿಕಿರಿಯಾಗುವ ವೇಗ ಅದು. ವೇಗವಾಗಿ ಹಾರಿಹೋಗುವ ಹಕ್ಕಿಯಲ್ಲಿ ಗೆರೆ ಗಮನಕ್ಕೆ ಬಾರದೆ, ನಿಧಾನವಾಗಿ ತೇಲುವ ಮೋಡದಲ್ಲಿ, ನಿಂತಲ್ಲೇ ಉಸಿರಾಡುವ ಪಾತ್ರದಲ್ಲಿ ಎದ್ದು ಕಾಣುವುದು ಇದಕ್ಕೇ.

ಚಿತ್ರಕಾರನಿಗೆ ಅದು ಏಕೆ ಕಾಣಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆತ ಕಾಗೆಯನ್ನು ನೋಡಿದ್ದು ಬಿಳಿ ಹಾಳೆಯ ಮೇಲೆ. ಹಿಂದಿನ ಬಣ್ಣ 255 ಆಗಿದ್ದರೆ ನಟ್ಟನಡುವಿನ ಅಂಚು ಸರಿಯಾದ ಲೆಕ್ಕದಲ್ಲಿ 137, ತಪ್ಪು ಲೆಕ್ಕದಲ್ಲಿ 196. ಎರಡೂ ಕಾಗೆಯ ಕಪ್ಪಿಗೂ ಹಾಳೆಯ ಬಿಳಿಗೂ ನಡುವಿನ ಬೂದು ಬಣ್ಣಗಳೇ. ಅಂಚು ತುಸು ಮೆತ್ತಗಿದೆ ಎನಿಸಬಹುದು, ಅಷ್ಟೇ. ತಪ್ಪು ಬೆರೆಕೆಯಿಂದ ಸೇರುವ ಬಿಳಿ ಎಲ್ಲ ಹಿನ್ನೆಲೆಯಲ್ಲೂ ಒಂದೇ ಪ್ರಮಾಣದ್ದು. ಅದು ಕಣ್ಣಿಗೆ ಹೊಡೆಯುವುದು ಮಾತ್ರ ಕಡು ಹಿನ್ನೆಲೆಯಲ್ಲಿ. ಹಾಗೆಯೇ ಅದೇ ಗೇಮ್‌ನಲ್ಲಿ ಒಂದು ಬೆಳ್ಳಕ್ಕಿ ಇದ್ದರೆ ಅದಕ್ಕೆ ಏನೂ ಆಗಿರುವುದಿಲ್ಲ. ಅದರ ಮೈಯೂ ಬಿಳಿ, ಸುತ್ತಲಿನ ಅದೃಶ್ಯ ಬಣ್ಣವೂ ಬಿಳಿ, ಸರಾಸರಿಯೂ ಬಿಳಿಯೇ. ‘ಬೆಳ್ಳಕ್ಕಿಗೆ ಸರಿಯಾಗಿದೆ, ಕಾಗೆಗೆ ಮಾತ್ರ ಏಕೆ?’ ಎಂದು ತಲೆ ಕೆಡಿಸಿಕೊಂಡವರಿಗೆ ಅದೇ ಮುಖ್ಯ ಸುಳಿವು. ಅದೃಶ್ಯ ಬಣ್ಣ ಕಪ್ಪಾಗಿದ್ದರೆ ಆಟ ತಿರುವುಮುರುವು: ಕಾಗೆ ಪಾರಾಗುತ್ತದೆ, ಹಗಲಿನ ಆಕಾಶದಲ್ಲಿ ಹಾರುವ ಬೆಳ್ಳಕ್ಕಿಗೆ ಮಸಿ ಬಳಿದಂಥ ಅಂಚು ಬರುತ್ತದೆ.

ಅಂಚಿನ ಗೆರೆಯ ಕಾಟ ಕಂಪ್ಯೂಟರ್ ಗೇಮ್‌ಗಳಿಗಿಂತ ಹಳೆಯದು. ಚಿತ್ರಗಳನ್ನು ಫಿಲ್ಮಿನ ಮೇಲೆ ಒಂದರ ಮೇಲೊಂದು ಮುದ್ರಿಸಿ ಬೆರೆಸುತ್ತಿದ್ದ ಕಾಲದಲ್ಲಿ, 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಹಿಮದ ಯುದ್ಧದಲ್ಲಿ ಬಿಳಿ ನೆಲದ ಮೇಲೆ ಹಾರುವ ಪುಟ್ಟ ವಿಮಾನಗಳ ಸುತ್ತ ಕಪ್ಪು ಗೆರೆ ಎದ್ದು ಕಾಣುತ್ತಿತ್ತು. 1997ರ ಮರುಬಿಡುಗಡೆಯಲ್ಲಿ ಅವನ್ನು ಕಂಪ್ಯೂಟರಿನಿಂದ ತಿದ್ದಿದರು. ಕಾರಣ ಬೇರೆಯದೇ ಆದರೂ ಅಂಚು ಸರಿಯಾಗಿ ಕೂರದಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂಬುದು ಆ ಸ್ಟುಡಿಯೋದವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾಡಿದ ಲ್ಯೂಕಾಸ್‌ಫಿಲ್ಮ್‌ನಲ್ಲೇ ಕೆಲಸ ಮಾಡುತ್ತಿದ್ದ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಡಿಜಿಟಲ್ ಚಿತ್ರಗಳನ್ನು ಬೆರೆಸುವ ಬಗ್ಗೆ ಒಂದು ಪ್ರಬಂಧ ಬರೆದರು. ನಮ್ಮ ಕಾಗೆಗೆ ಬೇಕಾದ ಮದ್ದು ಅದರಲ್ಲಿದೆ. ಅದಕ್ಕೆ ಬರುವ ಮುಂಚೆ ರೋಗ ಇದೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆ ಸುಲಭ. ಗೇಮ್ ಎಂಜಿನ್‌ನಲ್ಲಿ ಆ ಚಿತ್ರದ ಫಿಲ್ಟರ್ ಅನ್ನು ಸರಾಸರಿ ತೆಗೆಯದ ಬಗೆಗೆ ಬದಲಿಸಬೇಕು. ಯೂನಿಟಿಯಲ್ಲಿ ಅದರ ಹೆಸರು Point, ಗೊಡೋದಲ್ಲಿ Nearest. ದೂರದ ನೋಟಕ್ಕೆಂದು ಚಿತ್ರದ ಕುಗ್ಗಿಸಿದ ಪ್ರತಿಗಳನ್ನು ಇಟ್ಟುಕೊಳ್ಳುವ ಮಿಪ್‌ಮ್ಯಾಪ್ ಸೌಲಭ್ಯವನ್ನೂ ಆಗ ನಿಲ್ಲಿಸಿರಬೇಕು, ಯಾಕೆಂದರೆ ಆ ಪ್ರತಿಗಳೂ ಸರಾಸರಿಯಿಂದಲೇ ಹುಟ್ಟಿದಂಥವು. ಅಂಚು ಮೆಟ್ಟಿಲು ಮೆಟ್ಟಿಲಾಗಿ ಒರಟಾಗುತ್ತದೆ, ಅದಿರಲಿ. ಬಿಳಿಗೆರೆ ಮಾಯವಾಯಿತೇ? ಆಗಿದ್ದರೆ ತಪ್ಪು ಅದೃಶ್ಯ ಬಣ್ಣದ್ದೇ. ಮಾಯವಾಗದೆ ಉಳಿದರೆ ಬಿಳಿ ಅರೆಪಾರದರ್ಶಕ ಚುಕ್ಕೆಗಳೊಳಗೇ ಸೇರಿಹೋಗಿದೆ ಎಂದರ್ಥ. ಬಿಳಿ ಹಾಳೆಯ ಮೇಲೆ ಬರೆದು ಆಮೇಲೆ ಕತ್ತರಿಸಿದ ಚಿತ್ರಗಳಿಗೆ ಹೀಗಾಗುತ್ತದೆ. ಕತ್ತರಿಸುವ ಮುಂಚೆಯೇ ಅಂಚಿನ ಚುಕ್ಕೆಗಳಲ್ಲಿ ಹಾಳೆಯ ಬಿಳಿ ಬೆರೆತಿರುತ್ತದೆ. ಆಗ ಎಂಜಿನ್‌ನ ಯಾವ ಸೆಟ್ಟಿಂಗ್ ತಿರುಗಿಸಿದರೂ ಪ್ರಯೋಜನವಿಲ್ಲ, ಚಿತ್ರಕ್ಕೇ ಚಿಕಿತ್ಸೆ ಬೇಕು. ಫೋಟೊಶಾಪ್‌ನ Remove White Matte, ಗಿಂಪ್‌ನ Color to Alpha ಇರುವುದು ಅದಕ್ಕೆ.

ಅದೃಶ್ಯ ಬಣ್ಣವನ್ನು ಕಣ್ಣಾರೆ ನೋಡುವ ದಾರಿಯೂ ಇದೆ. ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನ ಹಾಕಿಕೊಂಡಿದ್ದರೆ ಒಂದೇ ಸಾಲು ಸಾಕು:

```
magick kaage.png -alpha off nodu.png
```

ಇದು ಆಲ್ಫಾವನ್ನು ಕಿತ್ತುಹಾಕಿ ಕೆಳಗಿರುವ ಬಣ್ಣವನ್ನಷ್ಟೇ ಹೊಸ ಕಡತಕ್ಕೆ ಬರೆಯುತ್ತದೆ. ತೆರೆದು ನೋಡಿದರೆ ನಮ್ಮ ಕಾಗೆ ಅಚ್ಚ ಬಿಳಿಯ ಚೌಕದ ನಡುವೆ ಒರಟು ಅಂಚಿನೊಂದಿಗೆ ಕೂತಿರುತ್ತದೆ. ಚಿತ್ರಕಾರ ಮತ್ತು ಪ್ರೋಗ್ರಾಮರ್ ಜಗಳ ಈ ಒಂದು ಚಿತ್ರಕ್ಕೆ ಮುಗಿಯಬೇಕು.

ಮೊದಲ ಪರಿಹಾರ ಒಂದು ಬಗೆಯ ಜಾಣತನ. ಖಾಲಿ ಜಾಗದಲ್ಲಿ ಏನಾದರೂ ಬಣ್ಣ ಇರಲೇಬೇಕೆಂದಾದರೆ ಬಿಳಿಯ ಬದಲು ಕಾಗೆಯ ಕಪ್ಪೇ ಇರಲಿ. ರೆಕ್ಕೆಯ ಅಂಚಿನ ಬಣ್ಣವನ್ನು ಹೊರಗಿನ ಕೆಲವು ಚುಕ್ಕೆಗಳವರೆಗೆ ಹರಡುವುದು, ಆಲ್ಫಾವನ್ನು ಮಾತ್ರ 0 ಆಗಿಯೇ ಬಿಡುವುದು. ಆಗ 20 ಮತ್ತು 20ರ ಸರಾಸರಿ 20, ಆಲ್ಫಾ ಅರ್ಧ, ಆಕಾಶದೊಂದಿಗೆ ಬೆರೆತರೆ 30. ಸರಿಯಾದ ಉತ್ತರ. ಯೂನಿಟಿಯಲ್ಲಿ Alpha Is Transparency ಎಂಬ ಗುರುತು ಹಾಕಿದರೆ, ಗೊಡೋದಲ್ಲಿ Fix Alpha Border ಎಂಬುದನ್ನು ಆರಿಸಿದರೆ ಚಿತ್ರ ಒಳಗೆ ಬರುವಾಗಲೇ ಈ ಕೆಲಸ ಆಗುತ್ತದೆ.

ಇದರ ದೌರ್ಬಲ್ಯ ಎಲ್ಲಿದೆಯೆಂದರೆ, ಹರಡಿದ ಬಣ್ಣ ಕಾಣುವುದಿಲ್ಲವಾದ್ದರಿಂದ ಅದರ ಬೆಲೆ ಯಾರಿಗೂ ಗೊತ್ತಿರುವುದಿಲ್ಲ. ಕಲಾವಿದ ಕೈಯಾರೆ ಬಣ್ಣ ಹರಡಿ ಕಳಿಸಿದ ಪಿಎನ್‌ಜಿಯನ್ನು ಬೇರೊಬ್ಬರು ಆ್ಯಪ್‌ನ ಗಾತ್ರ ಇಳಿಸಲೆಂದು ಕುಗ್ಗಿಸುವ ಸಾಧನಕ್ಕೆ ಕೊಡುತ್ತಾರೆ. zopflipng ಎಂಬ ಸಾಧನಕ್ಕೆ `--lossy_transparent` ಎಂದು ಹೇಳಿದರೆ ಅದು ಪಾರದರ್ಶಕ ಚುಕ್ಕೆಗಳ ಬಣ್ಣವನ್ನು ಅಳಿಸಿ ಕಡತವನ್ನು ಸಣ್ಣದು ಮಾಡುತ್ತದೆ. ಕಣ್ಣಿಗೆ ಚಿತ್ರ ಹಾಗೆಯೇ ಇದೆ, ಗಾತ್ರ ಇಳಿದಿದೆ, ಎಲ್ಲರಿಗೂ ಖುಷಿ. ಮುಂದಿನ ಆವೃತ್ತಿಯಲ್ಲಿ ಅಂಚಿನ ಗೆರೆ ಮರಳಿ ಬಂದಿರುತ್ತದೆ. ಯಾರೂ ಏನನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾರೆ. ಗಿಂಪ್‌ನಲ್ಲಿ ಪಿಎನ್‌ಜಿ ಉಳಿಸುವಾಗ ಪಾರದರ್ಶಕ ಚುಕ್ಕೆಗಳ ಬಣ್ಣವನ್ನು ಉಳಿಸಿಕೊಳ್ಳಬೇಕೇ ಎಂದು ಒಂದು ಗುರುತಿನ ಚೌಕ ಇರುವುದು ಈ ತಾಪತ್ರಯಕ್ಕಾಗಿಯೇ.

ಎರಡನೆಯದು ಪೋರ್ಟರ್ ಮತ್ತು ಡಫ್ ಅವರ ದಾರಿ. ಸಂತೆಯ ಲೆಕ್ಕದಲ್ಲಿ ಬೆಲೆಯನ್ನು ತೂಕದಿಂದ ಗುಣಿಸಿ ಆಮೇಲೆ ಕೂಡಿದ್ದರೆ ತಪ್ಪೇ ಆಗುತ್ತಿರಲಿಲ್ಲ. ಖಾಲಿ ಬುಟ್ಟಿಯ ಪಾಲು ತಾನಾಗಿ ಸೊನ್ನೆಯಾಗುತ್ತಿತ್ತು. ಚಿತ್ರದಲ್ಲೂ ಹಾಗೆಯೇ ಮಾಡಬೇಕು. ಸರಾಸರಿ ತೆಗೆಯುವ ಮೊದಲೇ ಪ್ರತಿ ಚುಕ್ಕೆಯ ಬಣ್ಣವನ್ನು ಅದರ ಆಲ್ಫಾದಿಂದ ಗುಣಿಸಿಟ್ಟುಕೊಳ್ಳುವುದು. ಇದನ್ನು ಪ್ರೀಮಲ್ಟಿಪ್ಲೈಡ್ ಆಲ್ಫಾ ಎನ್ನುತ್ತಾರೆ. ಕಾಗೆಯ ಚುಕ್ಕೆ 20ನ್ನು 1ರಿಂದ ಗುಣಿಸಿದರೆ 20. ಖಾಲಿ ಚುಕ್ಕೆಯ 255ನ್ನು 0ಯಿಂದ ಗುಣಿಸಿದರೆ 0. ಅದೃಶ್ಯ ಬಿಳಿ ಅಲ್ಲಿಗೆ ಸತ್ತಿತು. ಎರಡರ ಸರಾಸರಿ 10, ಆಲ್ಫಾ 0.5. ಬೆರೆಸುವಾಗ ಬಣ್ಣವನ್ನು ಮತ್ತೆ ಗುಣಿಸದೆ ಹಾಗೇ ತೆಗೆದುಕೊಂಡು ಆಕಾಶದ ಅರ್ಧವನ್ನು ಕೂಡಬೇಕು: 10 ಮತ್ತು 20, ಒಟ್ಟು 30. ಕಾಗೆ ಕಾಲು ಸರಿಯಲಿ, ಮುಕ್ಕಾಲು ಸರಿಯಲಿ, ಹೆಚ್ಚುವರಿ ಬಿಳಿ ಎಲ್ಲೂ ಹುಟ್ಟುವುದಿಲ್ಲ. ಗೆರೆಯೂ ಇಲ್ಲ, ಮಿಣುಕೂ ಇಲ್ಲ.

ಕೋಡ್‌ನಲ್ಲಿ ಬದಲಾಗುವುದು ಒಂದು ಪದ. ಓಪನ್‌ಜಿಎಲ್‌ನಲ್ಲಿ ಮೊದಲಿನ ಸಾಲು ಹಳೆಯ ಬಗೆಯದು, ಎರಡನೆಯದು ಗುಣಿಸಿಟ್ಟ ಚಿತ್ರಕ್ಕೆ:

```
glBlendFunc(GL_SRC_ALPHA, GL_ONE_MINUS_SRC_ALPHA);
glBlendFunc(GL_ONE, GL_ONE_MINUS_SRC_ALPHA);
```

ಅರ್ಧ ಓದಿಕೊಂಡವರು ಬೀಳುವ ಹಳ್ಳ ಇಲ್ಲೊಂದಿದೆ. ಗುಣಾಕಾರ ಯಾವಾಗ ಆಯಿತು ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಯೂನಿಟಿಯ ಜೊತೆಗೇ ಬರುವ Sprites/Default ಶೇಡರ್‌ನಲ್ಲಿ ಬಣ್ಣವನ್ನು ಆಲ್ಫಾದಿಂದ ಗುಣಿಸುವ ಸಾಲು ಇದೆ, ಬ್ಲೆಂಡಿಂಗ್ ಕೂಡ ಎರಡನೆಯ ಬಗೆಯದೇ. ಅದನ್ನು ನೋಡಿ ‘ನಮ್ಮದು ಪ್ರೀಮಲ್ಟಿಪ್ಲೈಡ್, ಗೆರೆ ಬರಲು ಸಾಧ್ಯವೇ ಇಲ್ಲ’ ಎಂದು ವಾದಿಸುವವರಿದ್ದಾರೆ. ಆದರೆ ಶೇಡರ್‌ನ ಕೈಗೆ ಬಣ್ಣ ಬರುವಷ್ಟರಲ್ಲಿ ಚಿಪ್ ಸರಾಸರಿ ತೆಗೆದಾಗಿರುತ್ತದೆ. 137.5 ಎಂಬ ಕೆಟ್ಟ ಅಂಕಿಯನ್ನು ಅರ್ಧದಿಂದ ಗುಣಿಸಿದರೆ ಸಿಗುವುದು ಹಳೆಯ ತಪ್ಪು ಉತ್ತರವೇ. ಗುಣಾಕಾರ ಚಿತ್ರವನ್ನು ಚಿಪ್‌ಗೆ ಕೊಡುವ ಮುಂಚೆಯೇ ಮುಗಿದಿರಬೇಕು.

ಇನ್ನೊಂದು ಹಳ್ಳ, ಚಿತ್ರ ಒಂದು ಬಗೆಯದು, ಬ್ಲೆಂಡಿಂಗ್ ಇನ್ನೊಂದು ಬಗೆಯದು ಆಗುವುದು. ಆಂಡ್ರಾಯ್ಡ್‌ನಲ್ಲಿ BitmapFactory ಮೂಲಕ ಪಿಎನ್‌ಜಿ ತೆರೆದರೆ ಬೇಡವೆಂದು ಹೇಳದ ಹೊರತು ಅದು ಬಣ್ಣವನ್ನು ಗುಣಿಸಿಯೇ ಕೊಡುತ್ತದೆ. ಅದನ್ನು ತಿಳಿಯದೆ ಹಳೆಯ ಬ್ಲೆಂಡಿಂಗ್ ಸಾಲು ಬರೆದರೆ ಆಲ್ಫಾ ಎರಡು ಸಲ ಗುಣಿಸಿದಂತಾಗಿ ಬೆಳ್ಳಕ್ಕಿಯ ಅಂಚು ಕಪ್ಪಾಗುತ್ತದೆ, ನೆರಳು ಹೊಗೆಗಳು ಮಂಕಾಗುತ್ತವೆ. ಇದರ ವಿರುದ್ಧ ದಿಕ್ಕಿನ ತಪ್ಪು, ಅಂದರೆ ಗುಣಿಸದ ಚಿತ್ರಕ್ಕೆ ಹೊಸ ಬ್ಲೆಂಡಿಂಗ್, ಅಡಗಿ ಕೂರುವಂಥದ್ದಲ್ಲ. ಖಾಲಿ ಜಾಗದ 255 ನೇರವಾಗಿ ಆಕಾಶಕ್ಕೆ ಕೂಡಿಕೊಂಡು ಕಾಗೆಯ ಸುತ್ತ ಇಡೀ ಬಿಳಿ ಚೌಕವೇ ಕಾಣಿಸುತ್ತದೆ. ಹಾಗಾದಾಗ ಗಾಬರಿಪಡಬೇಕಿಲ್ಲ, ಇಷ್ಟು ಸ್ಪಷ್ಟವಾಗಿ ತನ್ನ ಹೆಸರು ಹೇಳುವ ದೋಷ ಈ ಕ್ಷೇತ್ರದಲ್ಲಿ ಬೇರೆಯಿಲ್ಲ.

ಮೈಕ್ರೋಸಾಫ್ಟ್ 2010ರಲ್ಲಿ ತನ್ನ ಎಕ್ಸ್‌ಎನ್‌ಎ 4.0 ಗೇಮ್ ಚೌಕಟ್ಟಿನಲ್ಲಿ ಪ್ರೀಮಲ್ಟಿಪ್ಲೈಡ್ ಅನ್ನೇ ಸಹಜ ಆಯ್ಕೆಯಾಗಿ ಮಾಡಿತು. ಅದರ ಹಾದಿಯಲ್ಲೇ ಬೆಳೆದ ಮೊನೊಗೇಮ್ ಈಗಲೂ ಹಾಗೇ ಇದೆ. ಆಗ ಹಳೆಯ ಕೋಡ್ ಇಟ್ಟುಕೊಂಡವರಿಗೆ ಬೇರೊಂದು ವಿಚಿತ್ರ ಎದುರಾಯಿತು. ಪಾತ್ರವೊಂದನ್ನು ನಿಧಾನವಾಗಿ ಮಾಯವಾಗಿಸಲು ಆಲ್ಫಾ ಒಂದನ್ನೇ ಇಳಿಸುತ್ತಾ ಹೋದರೆ ಅದು ಮಾಯವಾಗುವ ಬದಲು ದೀಪ ಹಚ್ಚಿದಂತೆ ಬೆಳಗತೊಡಗಿತು. ಗುಣಿಸಿಟ್ಟ ಲೆಕ್ಕದಲ್ಲಿ ಬಣ್ಣ ಮತ್ತು ಆಲ್ಫಾ ಜೊತೆಯಾಗಿ ಇಳಿಯಬೇಕು. ಹೀಗಾಗಿ ಅಲ್ಲಿ ಅರ್ಧ ಪಾರದರ್ಶಕವಾಗಿ ಬರೆಯಲು `Color.White * 0.5f` ಎಂದು ನಾಲ್ಕೂ ಅಂಕಿಗಳನ್ನು ಒಟ್ಟಿಗೆ ಇಳಿಸುತ್ತಾರೆ. ಈ ವಿಚಿತ್ರದಿಂದ ಲಾಭ ಪಡೆದವರೂ ಇದ್ದಾರೆ: ಬೆಂಕಿಯ ಕಿಡಿಗೆ ಬಣ್ಣವನ್ನು ಇಟ್ಟು ಆಲ್ಫಾವನ್ನು ಸೊನ್ನೆ ಮಾಡಿದರೆ ಅದು ಹಿನ್ನೆಲೆಯನ್ನು ಮುಚ್ಚದೆ ಬೆಳಕನ್ನಷ್ಟೇ ಕೂಡುತ್ತದೆ. ಹೊಗೆಯೂ ಕಿಡಿಯೂ ಒಂದೇ ಬ್ಲೆಂಡಿಂಗ್‌ನಲ್ಲಿ ನಡೆದುಹೋಗುತ್ತವೆ.

ಪ್ರೀಮಲ್ಟಿಪ್ಲೈಡ್‌ನಲ್ಲೂ ಕಳೆದುಕೊಳ್ಳುವುದು ಇದೆ. ಬಣ್ಣಕ್ಕೆ 0ಯಿಂದ 255ರವರೆಗಿನ ಪೂರ್ಣಾಂಕಗಳಷ್ಟೇ ಸಿಗುವಾಗ, 255ಕ್ಕೆ 5ರಷ್ಟು ತೆಳು ಆಲ್ಫಾ ಇರುವ ಚುಕ್ಕೆಯಲ್ಲಿ ಗುಣಿಸಿದ ಮೇಲೆ ಉಳಿಯುವುದು 0ಯಿಂದ 5ರವರೆಗಿನ ಆರು ಮೆಟ್ಟಿಲು ಮಾತ್ರ. ಅಷ್ಟು ತೆಳುವಾಗಿ ಬರೆಯುವಷ್ಟು ಕಾಲ ಇದು ಕಾಣುವುದಿಲ್ಲ. ಆದರೆ ಮೂಲ ಬಣ್ಣಕ್ಕೆ ಹಿಂದಿರುಗಲು ಹೋದರೆ ಸಿಗುವುದಿಲ್ಲ. ಆದ್ದರಿಂದ ಚಿತ್ರಕಾರನ ಮೂಲ ಕಡತವನ್ನು ಗುಣಿಸದೆ ಇಟ್ಟುಕೊಂಡು, ಗೇಮ್‌ಗೆ ಹೋಗುವ ಪ್ರತಿಯನ್ನಷ್ಟೇ ಗುಣಿಸುವುದು ವಾಡಿಕೆ.

ಮಿಣುಕುವುದೆಲ್ಲ ಅದೃಶ್ಯ ಬಣ್ಣದ ಕೆಲಸವೂ ಅಲ್ಲ. ಗುರುತಿಸಲು ಮಿಣುಕು ಎಲ್ಲಿದೆ ಎಂದು ನೋಡಿದರೆ ಸಾಕು. ಅಂಚಿನ ಒಂದೆರಡು ಚುಕ್ಕೆಯಲ್ಲಿದ್ದರೆ ಇಲ್ಲಿಯವರೆಗೆ ಹೇಳಿದ್ದೇ. ಎರಡು ಚಿತ್ರಗಳು ಒಂದರ ಮೇಲೊಂದು ಬಂದ ಇಡೀ ಜಾಗ ಹೊಯ್ದಾಡುತ್ತಿದ್ದರೆ ಅದು ಸರದಿಯ ಜಗಳ. ಅರೆಪಾರದರ್ಶಕ ಚಿತ್ರಗಳನ್ನು ಹಿಂದಿನಿಂದ ಮುಂದಕ್ಕೆ ಒಂದು ಕ್ರಮದಲ್ಲಿ ಬರೆಯಬೇಕು. ಎರಡಕ್ಕೂ ಒಂದೇ ಪದರ, ಒಂದೇ ಕ್ರಮಸಂಖ್ಯೆ, ಕ್ಯಾಮೆರಾದಿಂದ ಒಂದೇ ದೂರ ಕೊಟ್ಟಿದ್ದರೆ ಯಾವುದು ಮುಂದೆ ಎಂದು ಎಂಜಿನ್‌ಗೆ ಹೇಳುವವರಿಲ್ಲ, ಕಾಗೆ ಮತ್ತು ಕೊಂಬೆ ಸ್ಥಾನ ಅದಲುಬದಲು ಮಾಡಿಕೊಳ್ಳಬಹುದು. ಯೂನಿಟಿಯಲ್ಲಿ ಒಂದಕ್ಕೆ Order in Layer ಅನ್ನು 1 ಹೆಚ್ಚಿಸಿದರೆ ಮುಗಿಯಿತು. ನೆಲದ ಅಂಚುಕಲ್ಲುಗಳ ನಡುವೆ ಸಂಬಂಧವಿಲ್ಲದ ಬಣ್ಣದ ಸಣ್ಣ ಗೀರು ಬಂದು ಹೋಗುತ್ತಿದ್ದರೆ, ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿದ ಪಕ್ಕದ ಚಿತ್ರದ ಬಣ್ಣ ಸರಾಸರಿಗೆ ಸೇರಿಕೊಂಡಿದೆ. ಚಿತ್ರಗಳ ನಡುವೆ ಅಂತರ ಬಿಟ್ಟು ಪ್ರತಿಯೊಂದರ ಅಂಚನ್ನು ಒಂದೆರಡು ಚುಕ್ಕೆ ಹೊರಕ್ಕೆ ಎಳೆದರೆ ಅದು ನಿಲ್ಲುತ್ತದೆ.

ಹಳೆಯ ಶೈಲಿಯ ದಪ್ಪ ಚುಕ್ಕೆಗಳ ಗೇಮ್ ಮಾಡುವವರು ಇದಾವುದರ ಗೊಡವೆಗೆ ಹೋಗಬೇಕಿಲ್ಲ. ಅವರ ಚಿತ್ರದಲ್ಲಿ ಅರೆಪಾರದರ್ಶಕ ಅಂಚೇ ಇರುವುದಿಲ್ಲ, ಫಿಲ್ಟರ್ ಅನ್ನು Nearest ಅಥವಾ Point ಇಟ್ಟುಕೊಂಡರೆ ಸಾಕು. ಈಗಾಗಲೇ ಅರ್ಧ ಮುಗಿದಿರುವ ಯೂನಿಟಿ ಅಥವಾ ಗೊಡೋ ಕೆಲಸದಲ್ಲಿ ಬಣ್ಣ ಹರಡುವ ಗುರುತು ಹಾಕಿಕೊಂಡು ಮುಂದೆ ಹೋಗುವುದೇ ವಿವೇಕ. ಕೊನೆಯ ವಾರದಲ್ಲಿ ಎಲ್ಲ ಶೇಡರ್‌ಗಳನ್ನು ತಿದ್ದಲು ಹೊರಟರೆ ಒಂದು ಗೆರೆಯ ಬದಲು ಹತ್ತು ತಲೆನೋವು. ಆದರೆ ತಮ್ಮದೇ ಎಂಜಿನ್ ಬರೆಯುತ್ತಿರುವವರು, ಮೊದಲ ಚಿತ್ರವನ್ನು ಈಗಷ್ಟೇ ಒಳಗೆ ತರುತ್ತಿರುವವರು ಆರಂಭದಿಂದಲೇ ಪ್ರೀಮಲ್ಟಿಪ್ಲೈಡ್ ಆರಿಸಿಕೊಳ್ಳಲಿ. ಮೊದಲ ಪರೀಕ್ಷೆಗೆ ಕಡು ನೀಲಿ ಹಿನ್ನೆಲೆ ಇಟ್ಟು, ಅದರ ಮೇಲೆ ಒಂದು ಕರಿ ಚಿತ್ರ, ಒಂದು ಬಿಳಿ ಚಿತ್ರ ಹಾಕಿ, ಫ್ರೇಮಿಗೆ ಕಾಲು ಚುಕ್ಕೆಯಂತೆ ಸರಿಸಿ ನೋಡಲಿ. ಆಮೇಲೆ ತಿಳಿ ಹಿನ್ನೆಲೆಯಲ್ಲಿ ಇನ್ನೊಮ್ಮೆ.